ಎಂಎಸಿಡಿ ಸಂಖ್ಯೆ ನೋಡಿ ಷೇರುಗಳನ್ನು ಸಾಲಾಗಿ ಜೋಡಿಸುವವರಿಗೆ

«ಎಂಆರ್‌ಎಫ್‌ನಲ್ಲಿ ಎಂಎಸಿಡಿ 1300 ಇದೆ, ಎಸ್‌ಬಿಐನಲ್ಲಿ ಬರೀ 24. ಶೀಟ್‌ನಲ್ಲಿ ಸಾರ್ಟ್ ಮಾಡಿದ್ರೆ ಎಂಆರ್‌ಎಫ್ ಮೇಲೆ ಬಂತು. ಅದೇ ಸ್ಟ್ರಾಂಗ್ ಅಂತ ತಗೋಬಹುದಾ?»

ಮೊದಲು ಆ ಸಾರ್ಟ್ ತೆಗೆಯಿರಿ. ಎಂಎಸಿಡಿ ಬರೋದು ರೂಪಾಯಿಯಲ್ಲಿ. ಲಕ್ಷ ದಾಟಿದ ಷೇರು ಸ್ವಲ್ಪ ಅಲುಗಾಡಿದರೂ ಸಾವಿರದ ಲೆಕ್ಕದಲ್ಲೇ ತೋರಿಸುತ್ತೆ.

ದುಂಡು ಅಂಕಿ ಹಿಡಿಯೋಣ. ಎಂಆರ್‌ಎಫ್‌ನ 26 ದಿನದ ಇಎಂಎ 1,30,000, 12 ದಿನದ್ದು 1,31,300. ಎಸ್‌ಬಿಐನದು 800 ಮತ್ತು 824. ಈ ಎರಡರ ವ್ಯತ್ಯಾಸವೇ ಎಂಎಸಿಡಿ. ಅದನ್ನು 26ರ ಇಎಂಎಯಿಂದ ಭಾಗಿಸಿ 100ರಿಂದ ಗುಣಿಸಿದರೆ ಪಿಪಿಒ. ಎಂಆರ್‌ಎಫ್‌ಗೆ 1, ಎಸ್‌ಬಿಐಗೆ 3. ನಿಮ್ಮ ಪಟ್ಟಿ ತಲೆಕೆಳಗಾಯ್ತು, ಅಲ್ವಾ? ಒಂದೇ ಷೇರಿನ ಹತ್ತು ವರ್ಷದ ಚಾರ್ಟಿಗೂ ಇದೇ ಮಾತು. 100 ರೂಪಾಯಿ ಇದ್ದಾಗಿನ ಏರಿಳಿತ, 1000 ಆದಮೇಲೆ ಎಂಎಸಿಡಿಯಲ್ಲಿ ಸಪಾಟು ಗೆರೆಯಾಗಿ ಕಾಣುತ್ತೆ.

ಗುಂಪಿನಲ್ಲಿ ಒಬ್ಬರು «ಎಂಎಸಿಡಿ, ಪಿಪಿಒ ಎರಡರ ಸಿಗ್ನಲ್ಲೂ ಒಂದೇ» ಅಂದಿದ್ದಾರೆ. ಅರ್ಧ ಸರಿ. ಸೊನ್ನೆ ಗೆರೆ ದಾಟೋದು ಎರಡರಲ್ಲೂ ಒಂದೇ ದಿನ. ಆದರೆ ಸಿಗ್ನಲ್ ಲೈನ್ ಕ್ರಾಸ್ ಅಪರೂಪಕ್ಕೆ ಒಂದು ದಿನ ಆಚೀಚೆ ಆಗಬಹುದು, ಭಾಗಿಸುವ ಸಂಖ್ಯೆ ದಿನಾ ಬದಲಾಗುತ್ತಲ್ಲ. ಬ್ಯಾಂಕ್ ನಿಫ್ಟಿಯ 5 ನಿಮಿಷದ ಚಾರ್ಟಿಗೆ ಯಾವುದು ಹಾಕಲಿ ಅಂತ ಕೇಳಿದವರೇ, ಇಲ್ಲಿ ಮಾತಾಡ್ತಿರೋದು ಹಲವು ಷೇರು ಹೋಲಿಸುವ ಬಗ್ಗೆ. ಒಂದೇ ಇಂಡೆಕ್ಸ್‌ನ ಅಷ್ಟು ಚಿಕ್ಕ ಅವಧಿಗೆ ಎಂಎಸಿಡಿ ಸಾಕು.

ಪೈಥಾನ್‌ನಲ್ಲಿ ಟಿಎ-ಲಿಬ್ ಬಳಸುವವರು ಇದನ್ನು ಓದಲೇಬೇಕು. ಅದರ ಪಿಪಿಒ ಸುಮ್ನೆ ಕರೆದರೆ ಇಎಂಎ ಅಲ್ಲ, ಸಾದಾ ಸರಾಸರಿ ತಗೊಳ್ಳುತ್ತೆ. ಎಂಎಸಿಡಿ ಮಾತ್ರ ಇಎಂಎಯಲ್ಲೇ ಲೆಕ್ಕ ಹಾಕುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು «ಸೊನ್ನೆ ದಾಟಿದ ದಿನ ಬೇರೆ ಬೇರೆ ಬರ್ತಿದೆ» ಅಂತ ತಲೆ ಕೆಡಿಸಿಕೊಳ್ಳೋರೇ ಜಾಸ್ತಿ. ಹೀಗೆ ಬರೆಯಿರಿ:

```
talib.PPO(close, 12, 26, matype=1)
```

ಚಾರ್ಟ್ ಆ್ಯಪ್‌ಗಳಲ್ಲೂ ಸೆಟ್ಟಿಂಗ್ ತೆರೆದು ಇಎಂಎ ಟಿಕ್ ಆಗಿದೆಯಾ, 12 ಮತ್ತು 26 ಇದೆಯಾ ನೋಡಿ. ಡೀಫಾಲ್ಟ್ ನಂಬಬೇಡಿ.

ಇಷ್ಟಾದ ಮೇಲೂ ಪಿಪಿಒ ಬೆಲೆಯ ಗಾತ್ರವನ್ನಷ್ಟೇ ಸರಿದೂಗಿಸುತ್ತೆ, ಷೇರಿನ ಸ್ವಭಾವವನ್ನಲ್ಲ. ಹಿಂದೂಸ್ತಾನ್ ಯೂನಿಲಿವರ್‌ನಂಥ ನಿಧಾನದ ಷೇರಿಗೆ 3 ದೊಡ್ಡದು, ಕುಣಿಯುವ ಸ್ಮಾಲ್‌ಕ್ಯಾಪ್‌ಗೆ ಅದು ಮಾಮೂಲು. ನಾನು ಅದೇ ಷೇರಿನ ಹಿಂದಿನ ಒಂದು ವರ್ಷದ ಪಿಪಿಒ ಜೊತೆ ಹೋಲಿಸ್ತೀನಿ. ಗುಂಪಿನಲ್ಲಿ ಕೆಲವರು ಎಂಎಸಿಡಿಯನ್ನು ಎಟಿಆರ್‌ನಿಂದ ಭಾಗಿಸ್ತಾರೆ. ಯಾವುದು ಮೇಲು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಬೋನಸ್, ಸ್ಪ್ಲಿಟ್ ಸರಿಹೊಂದಿಸದ ಡೇಟಾ ಹಾಕಿದರೆ ಪಿಪಿಒ ಕೂಡ ಕಾಪಾಡಲ್ಲ. 1:1 ಬೋನಸ್ ದಿನ ಬೆಲೆ ಅರ್ಧವಾದರೆ, ಸೊನ್ನೆಯಲ್ಲಿದ್ದ ಪಿಪಿಒ ಅಂದೇ ಮೈನಸ್ 4ರ ಹತ್ತಿರ ಬೀಳುತ್ತೆ, ಮುಂದಿನ ದಿನಗಳಲ್ಲಿ ಇನ್ನೂ ಕೆಳಗೆ. ಅಂಥದ್ದು ಕಂಡರೆ ಮಾರೋಕೆ ಓಡಬೇಡಿ, ಮೊದಲು ಎಕ್ಸ್-ಡೇಟ್ ನೋಡಿ.