ಮಾರ್ಕೆಟ್ ಮೇಲೆ ಬಂತು, ನನ್ನ ಗಂಟು ಯಾಕೆ ಬರಲಿಲ್ಲ?

ಪ್ರಶ್ನೆ: ಸರ್, ಫ್ಯಾಕ್ಟರಿ ಕೆಲಸದಿಂದ ನಿವೃತ್ತನಾಗಿದ್ದೇನೆ, ವಯಸ್ಸು 60. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಬಂದ 50 ಲಕ್ಷವನ್ನು ಏಜೆಂಟರ ಮಾತಿನಂತೆ ಈಕ್ವಿಟಿ ಫಂಡ್‌ನಲ್ಲಿ ಹಾಕಿ, ತಿಂಗಳಿಗೆ 30,000 ಬರುವಂತೆ ಎಸ್‌ಡಬ್ಲ್ಯೂಪಿ ಮಾಡಿಸಿದೆ. ನಾಲ್ಕೇ ತಿಂಗಳಿಗೆ ಮಾರ್ಕೆಟ್ ಬಿದ್ದು ಈಗ 43 ಲಕ್ಷ ತೋರಿಸುತ್ತಿದೆ. "ತಾಳ್ರಿ, ಮತ್ತ ಮ್ಯಾಲೆ ಬರ್ತದ" ಅಂತಾರೆ ಏಜೆಂಟರು. ಹಿಂದೆ ಪ್ರತಿ ಸಲ ಬಂದಿದೆಯಲ್ಲ, ಸುಮ್ಮನೆ ಇರಲೇ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಸುಮ್ಮನೆ ಇರಬೇಡಿ. ತಾಳಿದವರಿಗೆ ಮಾರ್ಕೆಟ್ ಮತ್ತೆ ಬರುತ್ತದೆ ಅನ್ನುವುದು ಬಹಳ ಮಟ್ಟಿಗೆ ನಿಜ. ಆದರೆ ನೀವು ತಾಳುತ್ತಿಲ್ಲವಲ್ಲ, ತಿಂಗಳು ತಿಂಗಳು ಮಾರುತ್ತಿದ್ದೀರಿ. ಎಸ್‌ಡಬ್ಲ್ಯೂಪಿ ಅಂದರೆ ಪ್ರತಿ ತಿಂಗಳು ನಿಮ್ಮ ಫಂಡ್‌ನ ಒಂದು ಪಾಲನ್ನು ಮಾರಿ ಆ ಹಣ ಕೊಡುವ ಏರ್ಪಾಡು.

ಅಮೀನಗಡದ ಕುರಿ ಸಂತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂರು ಕುರಿ ಇದ್ದವನ ಮನೆಗೆ ವರ್ಷಕ್ಕೆ 1.2 ಲಕ್ಷ ಬೇಕು ಅನ್ನಿ. ಕುರಿಗೆ ಹತ್ತು ಸಾವಿರ ಸಿಕ್ಕರೆ 12 ಕುರಿ ಹೋಗುತ್ತವೆ. ಬರಗಾಲದಲ್ಲಿ ದರ ಐದು ಸಾವಿರಕ್ಕೆ ಇಳಿದರೆ ಅದೇ ಖರ್ಚಿಗೆ 24 ಹೋಗುತ್ತವೆ. ಮರುವರ್ಷ ಮಳೆಯಾಗಿ ದರ ಏರಿದರೂ ಆ ಹೆಚ್ಚಿನ ಹನ್ನೆರಡು ಹಟ್ಟಿಗೆ ವಾಪಸ್ ಬರುವುದಿಲ್ಲ, ಅವು ಈಯಬೇಕಿದ್ದ ಮರಿಗಳೂ ಇಲ್ಲ.

ನಿಮ್ಮ ಫಂಡ್‌ನಲ್ಲಿ ಕುರಿಯ ಜಾಗದಲ್ಲಿ ಯೂನಿಟ್ ಇದೆ. ನೀವು ಸೇರಿದಾಗ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 100 ಇತ್ತು ಅಂದುಕೊಳ್ಳೋಣ, ಅಂದರೆ 50,000 ಯೂನಿಟ್. ಆಗ 30,000 ಕೊಡಲು 300 ಯೂನಿಟ್ ಮಾರಿದರೆ ಸಾಕಿತ್ತು. ಈಗಿನಂತೆ ಎನ್‌ಎವಿ 88 ಆದಾಗ 341 ಬೇಕು, 48ಕ್ಕೆ ಇಳಿದರೆ 625. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಾತ್ರ ಪ್ರತಿ ತಿಂಗಳೂ ಅದೇ 30,000 ಕಾಣುತ್ತದೆ, ಏನೂ ಆಗಿಲ್ಲ ಅನ್ನಿಸುತ್ತದೆ. ಫಂಡ್ ಸ್ಟೇಟ್‌ಮೆಂಟ್ ತೆಗೆದು ರೂಪಾಯಿ ಕಾಲಂ ಬಿಟ್ಟು ಯೂನಿಟ್ ಕಾಲಂ ಓದಿ. ಪ್ರತಿ ಕಂತಿಗೆ ಹೋಗುವ ಯೂನಿಟ್ ಏರುತ್ತಿದ್ದರೆ, ನೀವು ಬರಗಾಲದಲ್ಲಿ ಕುರಿ ಮಾರುತ್ತಿದ್ದೀರಿ.

48 ಎಂಬ ಅಂಕಿಯನ್ನು ಹೆದರಿಸಲು ಹೇಳಿದ್ದಲ್ಲ. 2007ರ ಕೊನೆಗೆ 20,287 ಇದ್ದ ಸೆನ್ಸೆಕ್ಸ್ 2008ರ ಕೊನೆಗೆ 9,647 ಆಗಿತ್ತು. ನಿಮ್ಮ ಹಾಗೆಯೇ ಒಬ್ಬರು 2008ರ ಜನವರಿಯಲ್ಲಿ 50 ಲಕ್ಷದೊಂದಿಗೆ ನಿವೃತ್ತರಾಗಿ, ಎಲ್ಲವನ್ನೂ ಸೆನ್ಸೆಕ್ಸ್‌ನ ಷೇರುಗಳಲ್ಲೇ ಇಟ್ಟು, ಪ್ರತಿ ವರ್ಷದ ಆರಂಭದಲ್ಲಿ 3.6 ಲಕ್ಷ ತೆಗೆದರು ಅನ್ನಿ. ಲೆಕ್ಕ ಸರಳವಿರಲಿ ಎಂದು ಡಿವಿಡೆಂಡ್, ತೆರಿಗೆ ಎರಡನ್ನೂ ಬಿಟ್ಟಿದ್ದೇನೆ. ಮೊದಲ ವರ್ಷದ ಕೊನೆಗೆ ಉಳಿದದ್ದು ಸುಮಾರು 22 ಲಕ್ಷ. 2009ರಲ್ಲಿ ಮಾರ್ಕೆಟ್ ಶೇ 81 ಜಿಗಿಯಿತು. ಆದರೆ ಜಿಗಿದದ್ದು 50 ಲಕ್ಷವಲ್ಲ, ಆ ವರ್ಷದ ಖರ್ಚು ತೆಗೆದು ಉಳಿದ 18.5 ಲಕ್ಷ. 2010ರ ಕೊನೆಗೆ ಸೆನ್ಸೆಕ್ಸ್ 20,509ಕ್ಕೆ ಬಂತು, ಅಂದರೆ ಇವರು ಹೊರಟ ಮಟ್ಟಕ್ಕಿಂತ ತುಸು ಮೇಲೆ. ಏಜೆಂಟರ ಮಾತು ಗೆದ್ದಿತು. ಇವರ ಗಂಟು ಮಾತ್ರ 35 ಲಕ್ಷದಲ್ಲಿತ್ತು, ತೆಗೆದ 10.8 ಲಕ್ಷ ಸೇರಿಸಿದರೂ 50 ಆಗುವುದಿಲ್ಲ. 2011ರಲ್ಲಿ ಮತ್ತೆ ಶೇ 25ರಷ್ಟು ಕುಸಿತ. 2017ರ ಕೊನೆಗೆ ಸೆನ್ಸೆಕ್ಸ್ 34,057 ಮುಟ್ಟಿದಾಗ ಇವರಲ್ಲಿ ಉಳಿದದ್ದು 18.4 ಲಕ್ಷ. ಒಂದು ರೂಪಾಯಿಯನ್ನೂ ಮುಟ್ಟದವನ 50 ಲಕ್ಷ ಅದೇ ದಿನ 84 ಲಕ್ಷ ಆಗಿತ್ತು.

ಈಗ ಅದೇ ಹತ್ತು ವರ್ಷಗಳನ್ನು ತಿರುವಿ ಹಾಕಿ. 2017 ಮೊದಲು ಬಂತು, 2008ರ ಮಹಾಕುಸಿತ ಕೊನೆಗೆ ಬಂತು ಅಂದುಕೊಳ್ಳಿ. ಸರಾಸರಿ ಬೆಳವಣಿಗೆ ಅದೇ, ತೆಗೆದ ಹಣವೂ ಅದೇ. ಕೊನೆಯ ವರ್ಷ ಅರ್ಧಕ್ಕಿಂತ ಹೆಚ್ಚು ಕರಗಿದ ಮೇಲೂ ಕೈಯಲ್ಲಿ 45 ಲಕ್ಷ ಉಳಿಯುತ್ತದೆ. 18 ಮತ್ತು 45ರ ನಡುವಿನ ವ್ಯತ್ಯಾಸ ಪೂರ್ತಿ ಆದಾಯ ಬಂದ ಸರದಿಯದು. "ಈ ಫಂಡ್ ಹತ್ತು ವರ್ಷಕ್ಕೆ ಸರಾಸರಿ ಇಷ್ಟು ಕೊಟ್ಟಿದೆ" ಎಂಬ ಚಾರ್ಟ್ ದುಡಿಯುತ್ತಾ ಹಣ ಹಾಕುವವನಿಗೆ ಉಪಯೋಗಕ್ಕೆ ಬರಬಹುದು. ತೆಗೆಯುತ್ತಿರುವ ನಿಮಗೆ ಅದು ಅರ್ಧ ಸತ್ಯ. ಅದನ್ನೇ ತೋರಿಸಿ ನಿವೃತ್ತರ ಇಡೀ ಗಂಟನ್ನು ಈಕ್ವಿಟಿಗೆ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಎಲ್ಲ ಮಾರಿ ಹೊರಬರಬೇಕೇ? ಅದೂ ಬೇಡ. ಕುಸಿತದಲ್ಲಿ ಮಾರಲೇಬೇಕಾದ ಒತ್ತಾಯ ತಪ್ಪಿದರೆ ಸಾಕು. ನಾನು 43 ಲಕ್ಷವನ್ನು ಹೀಗೆ ಒಡೆಯುತ್ತೇನೆ. 21 ಲಕ್ಷ ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಗಲಿ. ಅಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಅವಕಾಶವಿದೆ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 8.2ಕ್ಕೆ ಏರಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುವುದರಿಂದ ಹೋದ ದಿನ ಕೇಳಿಕೊಳ್ಳಿ. ನೀವು ಹಾಕಿದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೆ 43,050, ಅಂದರೆ ತಿಂಗಳಿಗೆ 14,350 ಬರುತ್ತದೆ. ಉಳಿದ 15,650 ಎಲ್ಲಿಂದ? ಅದಕ್ಕೆ 6 ಲಕ್ಷವನ್ನು ಬ್ಯಾಂಕ್ ಎಫ್‌ಡಿಗಳಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಮುಗಿಯುವಂತೆ ಇಡಿ, ಮೂರು ವರ್ಷ ದಾಟುತ್ತದೆ. ಉಳಿದ 16 ಲಕ್ಷ ಈಗಿರುವ ಫಂಡ್‌ನಲ್ಲೇ ಇರಲಿ, ಎಸ್‌ಡಬ್ಲ್ಯೂಪಿ ಇಲ್ಲದೆ.

ನಷ್ಟದಲ್ಲಿ 27 ಲಕ್ಷ ಮಾರುವುದು ಹೊಟ್ಟೆ ಉರಿಸುತ್ತದೆ, ಗೊತ್ತು. ಆದರೆ ಇಂದು ಒಂದೇ ಸಲ 88ಕ್ಕೆ ಮಾರುವುದಕ್ಕೂ, ಮುಂದೆ ಕಂತಿನಲ್ಲಿ ಎಷ್ಟಕ್ಕೋ ಮಾರುವುದಕ್ಕೂ ನಡುವೆ ನಿಮ್ಮ ಆಯ್ಕೆ ಇದೆ. ಲಾಭವಿಲ್ಲದ ಕಾರಣ ಈ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ವರ್ಷ ತುಂಬುವ ಮೊದಲು ತೆಗೆದರೆ ಅನೇಕ ಫಂಡ್‌ಗಳು ಎಕ್ಸಿಟ್ ಲೋಡ್ ಎಂಬ ಶೇ 1ರಷ್ಟು ಶುಲ್ಕ ಹಿಡಿಯುತ್ತವೆ, ಅದನ್ನು ಮೊದಲೇ ವಿಚಾರಿಸಿ.

ಎಫ್‌ಡಿ ತುಂಬಿಸುವುದಕ್ಕೆ ಒಂದೇ ನಿಯಮ. ವರ್ಷಕ್ಕೊಮ್ಮೆ, ಯುಗಾದಿಗೆ ಅಂತಲೇ ಇಟ್ಟುಕೊಳ್ಳಿ, ಎನ್‌ಎವಿ ನೋಡಿ. ನೀವು ಸೇರಿದ ಮಟ್ಟ ಅಥವಾ ಅದಕ್ಕಿಂತ ಮೇಲಿದ್ದರೆ ಖರ್ಚಾದ ಎಫ್‌ಡಿಗಳನ್ನು ಫಂಡ್‌ನಿಂದ ಮಾರಿ ತುಂಬಿಸಿ. ಕೆಳಗಿದ್ದರೆ ಫಂಡ್ ಮುಟ್ಟಬೇಡಿ. 2008ರವರು ಹೀಗೆ ಮಾಡಿದ್ದರೆ ಮುಟ್ಟದ 16 ಲಕ್ಷ 2010ರ ಕೊನೆಗೆ 16 ಲಕ್ಷವಾಗಿಯೇ ಇರುತ್ತಿತ್ತು, 2011ರ ಕುಸಿತಕ್ಕೆ ಮೊದಲೇ ಎಫ್‌ಡಿ ತುಂಬಿಸಿಕೊಳ್ಳಲು ಸಮಯವೂ ಸಿಗುತ್ತಿತ್ತು.

ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ಹೇಳಲಾರೆ. ಕುಸಿತ ಐದಾರು ವರ್ಷ ಎಳೆದರೆ ಮೂರು ವರ್ಷದ ಎಫ್‌ಡಿ ಸಾಲದು. ಅದಕ್ಕಿಂತ ದೊಡ್ಡ ತೊಡಕು ಆ 30,000ವೇ. 43 ಲಕ್ಷದ ಮೇಲೆ ಅದು ವರ್ಷಕ್ಕೆ ಶೇ 8.4. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಹಳೆಯ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದಾಗ, ಕೆಟ್ಟ ಕಾಲದಲ್ಲಿ ನಿವೃತ್ತರಾದವರಿಗೂ 30 ವರ್ಷ ಸಾಕಾಗುವಂತೆ ಮೊದಲ ವರ್ಷ ತೆಗೆಯಬಹುದಾದದ್ದು ಗಂಟಿನ ಶೇ 4ರಷ್ಟು ಎಂದು ಕಂಡರು, ಆಮೇಲೆ ಬೆಲೆಯೇರಿಕೆಯಷ್ಟು ಹೆಚ್ಚಳ. ನಮ್ಮ ಬಡ್ಡಿ, ಬೆಲೆಯೇರಿಕೆ ಬೇರೆ, ಆ ಅಂಕಿಯನ್ನು ಹಾಗೇ ಎತ್ತಿ ತರಲಾಗದು. ಆದರೂ 4 ಎಲ್ಲಿ, 8.4 ಎಲ್ಲಿ. ಮನೆಯಲ್ಲಿ ಕುಳಿತು ಮಾತಾಡಿ ಎನ್‌ಎವಿ ಕೆಳಗಿರುವ ವರ್ಷಗಳಲ್ಲಾದರೂ ಖರ್ಚನ್ನು 24,000ಕ್ಕೆ ಇಳಿಸಿದರೆ, ಬಡ್ಡಿ ಕಳೆದು ಬೇಕಾಗುವುದು 9,650 ಮಾತ್ರ. ಅದೇ 6 ಲಕ್ಷ ಐದು ವರ್ಷ ದಾಟುತ್ತದೆ. ಮಾರ್ಕೆಟ್ ಬಗ್ಗೆ ನಾವು ಮಾಡಬಹುದಾದ ಯಾವ ಊಹೆಯೂ ಇಷ್ಟು ಕೆಲಸ ಮಾಡದು.

ಮೊದಲು ಎಸ್‌ಡಬ್ಲ್ಯೂಪಿ ರದ್ದತಿ ಅರ್ಜಿ ಕೊಡಿ. ಮುಂದಿನ ಕಂತಿಗೆ ಕೆಲವು ದಿನ ಮುಂಚೆಯೇ ಅದು ಫಂಡ್ ಕಚೇರಿ ತಲುಪಬೇಕು, ತಡವಾದರೆ ಇನ್ನೂ 341 ಯೂನಿಟ್ ಹೋಗುತ್ತವೆ.