ಕುರ್ಚಿ ಬಿಡದೆ ಕಣ್ಣಿಗೂ ಕತ್ತಿಗೂ ಬಿಡುವು

ಪ್ರಶ್ನೆ: ಮಾರತ್ತಹಳ್ಳಿಯಲ್ಲಿ ಆಫೀಸು, ಒಂದರ ಹಿಂದೆ ಒಂದು ಮೀಟಿಂಗ್, ಏಳೋಕೇ ಆಗಲ್ಲ. ಸಂಜೆಗೆ ಕಣ್ಣುರಿ, ಕತ್ತು ನೋವು. ಕೂತಲ್ಲೇ ಏನು ಮಾಡಬಹುದು?

ಉತ್ತರ: ಮೊದಲು ಕಣ್ಣು. ಸ್ಕ್ರೀನ್ ದಿಟ್ಟಿಸುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ, ಬಡಿದರೂ ಅರ್ಧಂಬರ್ಧ, ಅದರ ಮೇಲೆ ಎಸಿ ಗಾಳಿ ನೇರ ಮುಖಕ್ಕೆ ಹೊಡೆದರೆ ಕಣ್ಣೀರಿನ ಪದರ ಬೇಗ ಒಣಗಿ ಉರಿ ಶುರುವಾಗುತ್ತದೆ. ಅದಕ್ಕೇ 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ. ಕಿಟಕಿಯಾಚೆ ರಿಂಗ್ ರೋಡ್ ಟ್ರಾಫಿಕ್ ಆದರೂ ಸರಿ, ಅದು ಹೇಗೂ ನಿಂತೇ ಇರುತ್ತದೆ. ಫೋನ್ ನೋಡಿದರೆ ಲೆಕ್ಕಕ್ಕಿಲ್ಲ, ಅದೂ ಹತ್ತಿರದ್ದೇ ಅಲ್ವಾ? ಆಮೇಲೆ ನಾಲ್ಕೈದು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ.

ಕತ್ತಿಗೆ ಗಂಟೆಗೊಮ್ಮೆ ಸಾಕು. ನೆಟ್ಟಗೆ ಕೂತು, ತಲೆ ಬಗ್ಗಿಸದೆ, ಗದ್ದವನ್ನು ನೇರ ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯಿರಿ. ಹೀಗೆ ಐದು ಸಲ. ತಲೆಯ ಹಿಂಭಾಗದಲ್ಲಿ, ಕತ್ತು ಸೇರುವ ಕಡೆ ಸಣ್ಣ ಎಳೆತ ಗೊತ್ತಾದರೆ ಸರಿಯಾಗಿದೆ ಅಂತ ಅರ್ಥ. ಗಂಟಲು ಬಿಗಿದರೆ ಜಾಸ್ತಿ ಎಳೆಯುತ್ತಿದ್ದೀರಿ. ಕೈ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಉಸಿರಾಟವನ್ನು ಕಾಲ್ ಮ್ಯೂಟ್‌ನಲ್ಲಿದ್ದಾಗ ಮಾಡಿಕೊಳ್ಳಿ: 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ, ಒಂದೆರಡು ನಿಮಿಷ. ಹೊಟ್ಟೆ ಉಬ್ಬಬೇಕು, ಭುಜ ಏಳಬಾರದು. ತಲೆ ಸುತ್ತಿದರೆ ಮಾಮೂಲಿ ಉಸಿರಿಗೆ ಬನ್ನಿ.