ನೂರು ಸೆಕೆಂಡ್ ಸರಾಸರಿ ತೆಗೆದರೂ ನಾಯ್ಸ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನೀರು ಆವಿಯಾಗುವುದನ್ನು 1 ಕೆಜಿ ಲೋಡ್‌ಸೆಲ್‌ನಲ್ಲಿ ತೂಗುತ್ತಿದ್ದೇನೆ. 350 ಓಮ್ ಬ್ರಿಡ್ಜ್, 5 ವೋಲ್ಟ್ ಕೊಟ್ಟರೆ ಪೂರ್ತಿ ತೂಕಕ್ಕೆ 10 ಮಿಲಿವೋಲ್ಟ್. ಅಂದರೆ 10 ನ್ಯಾನೋವೋಲ್ಟ್‌ಗೆ 1 ಮಿಲಿಗ್ರಾಂ. ಬ್ರಿಡ್ಜ್‌ನ ಥರ್ಮಲ್ ನಾಯ್ಸ್ ಪ್ರತಿ √ಹರ್ಟ್ಜ್‌ಗೆ 2.4 ನ್ಯಾನೋವೋಲ್ಟ್, ಡೇಟಾಶೀಟ್ ಪ್ರಕಾರ ಆಂಪ್ಲಿಫೈಯರ್‌ನದು 1 ಕಿಲೋಹರ್ಟ್ಜ್‌ನಲ್ಲಿ 10. ಈ ಲೆಕ್ಕದಲ್ಲಿ 1 ಸೆಕೆಂಡ್ ಸರಾಸರಿಗೆ 7, 100 ಸೆಕೆಂಡ್ ಸರಾಸರಿಗೆ 0.7 ನ್ಯಾನೋವೋಲ್ಟ್ ಬರಬೇಕು. ಬ್ರಿಡ್ಜ್‌ಗೆ ವೋಲ್ಟೇಜ್ ಕೊಡದೆ ಒಂದು ಗಂಟೆ ಓದಿದೆ. 1 ಸೆಕೆಂಡ್‌ಗೆ ಸುಮಾರು 90, 100 ಸೆಕೆಂಡ್‌ಗೆ 55 ಬರುತ್ತಿದೆ. ಇನ್ನೂ ಹೆಚ್ಚು ಹೊತ್ತು ಸರಾಸರಿ ತೆಗೆಯಬೇಕೇ? ಅದೇ ಡೇಟಾಶೀಟ್‌ನಲ್ಲಿ 0.1ರಿಂದ 10 ಹರ್ಟ್ಜ್‌ಗೆ 0.5 ಮೈಕ್ರೋವೋಲ್ಟ್ ಪೀಕ್ ಟು ಪೀಕ್ ಎಂದೂ ಬರೆದಿದೆ. ಅದನ್ನು ಬಳಸಿಲ್ಲ.

ಉತ್ತರ: ನೀವು ಬಳಸದೆ ಬಿಟ್ಟ ಸಾಲಿನಲ್ಲೇ ಉತ್ತರವಿದೆ. ಆ 10 ನ್ಯಾನೋವೋಲ್ಟ್ 1 ಕಿಲೋಹರ್ಟ್ಜ್‌ನ ಅಂಕಿ. 1 ಸೆಕೆಂಡ್ ಸರಾಸರಿ ತೆಗೆದಾಗ ನಿಮ್ಮ ಅಳತೆ ಉಳಿಯುವುದು ಅರ್ಧ ಹರ್ಟ್ಜ್‌ಗಿಂತ ಕೆಳಗೆ. 100 ಸೆಕೆಂಡ್ ತೆಗೆದರೆ 0.005 ಹರ್ಟ್ಜ್‌ಗಿಂತ ಕೆಳಗೆ. ಅಲ್ಲಿ ಆಂಪ್ಲಿಫೈಯರ್‌ನ ನಾಯ್ಸ್ 10 ಆಗಿ ಉಳಿದಿರುವುದಿಲ್ಲ.

ಥರ್ಮಲ್ ನಾಯ್ಸ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಸಮ ಹರಡಿರುತ್ತದೆ. ಆದ್ದರಿಂದಲೇ ಬ್ಯಾಂಡ್ ನೂರು ಪಟ್ಟು ಕಿರಿದಾದರೆ ನಾಯ್ಸ್ ಹತ್ತು ಪಟ್ಟು ಇಳಿಯುತ್ತದೆ. ಟ್ರಾನ್ಸಿಸ್ಟರ್‌ಗಳಲ್ಲಿ ಇದರ ಜೊತೆಗೆ ಫ್ಲಿಕರ್ ನಾಯ್ಸ್ ಇರುತ್ತದೆ. ಅದರ ಶಕ್ತಿ ಫ್ರೀಕ್ವೆನ್ಸಿಗೆ ವಿಲೋಮ, ಅಂದರೆ ಫ್ರೀಕ್ವೆನ್ಸಿ ಹತ್ತರಲ್ಲೊಂದಾದರೆ ಶಕ್ತಿ ಹತ್ತು ಪಟ್ಟು. ಬೆಲ್ ಲ್ಯಾಬ್ಸ್‌ನ ಜಾನ್ಸನ್ 1925ರಲ್ಲಿ ವ್ಯಾಕ್ಯೂಮ್ ವಾಲ್ವ್‌ಗಳಲ್ಲಿ ಇದನ್ನು ಕಂಡರು. ಇವರೇ 1928ರಲ್ಲಿ ಥರ್ಮಲ್ ನಾಯ್ಸ್ ಅಳೆದು ಪ್ರಕಟಿಸಿದವರು. ಅರೆವಾಹಕಗಳಲ್ಲಿ, ಅದರಲ್ಲೂ ಮಾಸ್‌ಫೆಟ್‌ಗಳಲ್ಲಿ, ಇದಕ್ಕೆ ಮುಖ್ಯ ಕಾರಣ ಆಕ್ಸೈಡ್ ಪದರದಲ್ಲಿರುವ ದೋಷದ ತಾಣಗಳು. ಇವು ಎಲೆಕ್ಟ್ರಾನ್ ಹಿಡಿದು, ಸ್ವಲ್ಪ ಹೊತ್ತು ಇಟ್ಟುಕೊಂಡು, ಬಿಡುತ್ತವೆ. ಒಂದು ತಾಣ ಮೈಕ್ರೋಸೆಕೆಂಡ್‌ನಲ್ಲಿ ಬಿಟ್ಟರೆ ಇನ್ನೊಂದು ನಿಮಿಷಗಟ್ಟಲೆ ಇಟ್ಟುಕೊಳ್ಳುತ್ತದೆ. ಇಂಥ ಸಾವಿರಾರು ತಾಣಗಳ ಏರಿಳಿತ ಒಟ್ಟು ಸೇರಿದಾಗ ಸಿಗುವುದೇ ಈ ವಿಲೋಮ ರೂಪ.

ಇಲ್ಲಿ ಹಿಡಿದಿಟ್ಟುಕೊಳ್ಳಬೇಕಾದ ಗುಣ ಒಂದೇ: ಫ್ಲಿಕರ್ ನಾಯ್ಸ್‌ನ ಶಕ್ತಿ ಪ್ರತಿ ಡೆಕೇಡ್‌ಗೂ ಸಮ. 1ರಿಂದ 10 ಹರ್ಟ್ಜ್‌ವರೆಗೆ ಎಷ್ಟಿದೆಯೋ 0.001ರಿಂದ 0.01 ಹರ್ಟ್ಜ್‌ವರೆಗೂ ಅಷ್ಟೇ ಇದೆ, ಎರಡನೆಯ ಬ್ಯಾಂಡ್ ಸಾವಿರ ಪಟ್ಟು ಕಿರಿದಾಗಿದ್ದರೂ ಕೂಡ.

ಈಗ ನಿಮ್ಮ ಆಂಪ್ಲಿಫೈಯರ್‌ಗೆ ಬರೋಣ. ಪೀಕ್ ಟು ಪೀಕ್ ಅನ್ನು 6.6ರಿಂದ ಭಾಗಿಸಿದರೆ ಆರ್‌ಎಂಎಸ್ ಸಿಗುತ್ತದೆ. 500 ನ್ಯಾನೋವೋಲ್ಟ್ ಭಾಗಿಸು 6.6 ಎಂದರೆ 76. ಅದರ ವರ್ಗ ಸುಮಾರು 5,740. ಇದರಲ್ಲಿ ಸಮವಾಗಿ ಹರಡಿದ ನಾಯ್ಸ್‌ನ ಪಾಲು 10² × 9.9, ಅಂದರೆ 990. ಅದನ್ನು ಕಳೆದರೆ ಉಳಿಯುವ 4,750 ಫ್ಲಿಕರ್‌ನದು. 0.1ರಿಂದ 10 ಎಂದರೆ ಎರಡು ಡೆಕೇಡ್, ln(100) = 4.6. ಭಾಗಿಸಿದರೆ 1,030 ಬರುತ್ತದೆ, 1,000 ಎಂದೇ ಇಟ್ಟುಕೊಳ್ಳಿ. ಇದನ್ನು 10ರ ವರ್ಗದಿಂದ ಭಾಗಿಸಿದರೆ 10 ಹರ್ಟ್ಜ್. ಅದೇ ನಿಮ್ಮ ಕಾರ್ನರ್ ಫ್ರೀಕ್ವೆನ್ಸಿ, ಎರಡೂ ನಾಯ್ಸ್ ಸಮನಾಗುವ ಜಾಗ. ಅದರಿಂದ ಕೆಳಗೆ ಫ್ಲಿಕರ್‌ನದೇ ಕಾರುಬಾರು: 1 ಹರ್ಟ್ಜ್‌ನಲ್ಲಿ ಪ್ರತಿ √ಹರ್ಟ್ಜ್‌ಗೆ 33 ನ್ಯಾನೋವೋಲ್ಟ್, 0.01 ಹರ್ಟ್ಜ್‌ನಲ್ಲಿ 316.

ಒಂದು ಗಂಟೆ ಓದಿದಿರಿ, ಆದ್ದರಿಂದ ಕೆಳಗಿನ ಅಂಚು ಸುಮಾರು 1/3600 ಹರ್ಟ್ಜ್. 1 ಸೆಕೆಂಡ್ ಸರಾಸರಿಗೆ ಮೇಲಿನ ಅಂಚು 0.5 ಹರ್ಟ್ಜ್. ಅನುಪಾತ 1,800, ಅದರ ln 7.5. ಫ್ಲಿಕರ್‌ನ ವರ್ಗ 7,500, ಮೂಲ 87 ನ್ಯಾನೋವೋಲ್ಟ್. 100 ಸೆಕೆಂಡ್ ಸರಾಸರಿಗೆ ಮೇಲಿನ ಅಂಚು 0.005, ಅನುಪಾತ 18, ln 2.9, ಮೂಲ 54. ನೀವು ಕಂಡ 90 ಮತ್ತು 55 ಇವೇ. ನೂರು ಪಟ್ಟು ಹೆಚ್ಚು ಕಾದದ್ದಕ್ಕೆ ಮೂರೂಕಾಲು ಡೆಕೇಡ್‌ಗಳಲ್ಲಿ ಎರಡು ಕಳೆದವು, ಅಷ್ಟೇ. ಇನ್ನಷ್ಟು ಹೊತ್ತು ಓದಿದರೆ ಕೆಳಗಿನ ಅಂಚೂ ಕೆಳಗಿಳಿಯುತ್ತದೆ. ಮೇಲೆ ಉಳಿಸಿದ್ದು ಕೆಳಗೆ ಖರ್ಚಾಗುತ್ತದೆ.

ಹಾಗಾಗಿ ಹೆಚ್ಚು ಹೊತ್ತು ಸರಾಸರಿ ತೆಗೆಯಬೇಡಿ. ಮೊದಲು ಇದು ಫ್ಲಿಕರ್ ಹೌದೋ, ತಾಪಮಾನದ ಡ್ರಿಫ್ಟ್ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಿ. ಸಾಮಾನ್ಯ ಸ್ಟ್ಯಾಂಡರ್ಡ್ ಡೀವಿಯೇಷನ್ ಇದಕ್ಕೆ ಸಾಲದು, ಯಾಕೆಂದರೆ ಓದುವ ಹೊತ್ತು ಹೆಚ್ಚಿದಂತೆ ಅದೂ ಬೆಳೆಯುತ್ತದೆ. ಪಕ್ಕಪಕ್ಕದ ಸರಾಸರಿಗಳ ವ್ಯತ್ಯಾಸವನ್ನು ನೋಡುವ ಅಲನ್ ಡೀವಿಯೇಷನ್ ಬಳಸಿ. 0.1 ಸೆಕೆಂಡ್‌ಗೊಂದು ಓದನ್ನು ನ್ಯಾನೋವೋಲ್ಟ್‌ನಲ್ಲಿ ಫೈಲಿಗೆ ಬರೆದಿದ್ದರೆ ಇಷ್ಟು ಸಾಕು:

```python
import numpy as np
x = np.loadtxt("short.txt")
for m in [1, 10, 100, 1000]:
    n = len(x) // m
    a = x[:n*m].reshape(n, m).mean(axis=1)
    print(m*0.1, np.sqrt(0.5*np.mean(np.diff(a)**2)))
```

ಬರೀ ಥರ್ಮಲ್ ತರಹದ ನಾಯ್ಸ್ ಇದ್ದರೆ ಪ್ರತಿ ಸಾಲಿಗೂ ಅಂಕಿ ಮೂರನೇ ಒಂದಕ್ಕೆ ಇಳಿಯುತ್ತಾ ಹೋಗುತ್ತದೆ. ಫ್ಲಿಕರ್ ಇದ್ದರೆ ನೆಲ ಹಿಡಿದು ನಿಲ್ಲುತ್ತದೆ. ಆ ನೆಲ √(2 ln2 × 1000), ಅಂದರೆ 37 ನ್ಯಾನೋವೋಲ್ಟ್. ನಿಮಗೆ ಸುಮಾರು 43, 38, 37, 37 ಬರಬೇಕು. ನಿಮ್ಮ ಆಂಪ್ಲಿಫೈಯರ್ ಈ ನೆಲಕ್ಕೆ ತಾಗುವುದು 0.04 ಸೆಕೆಂಡ್‌ನ ಆಸುಪಾಸಿನಲ್ಲಿ. ಅದರಾಚೆ ಕಾದದ್ದೆಲ್ಲ ಹೆಚ್ಚೂಕಡಿಮೆ ವ್ಯರ್ಥ. ಕೊನೆಯ ಅಂಕಿ ಮತ್ತೆ ಮೇಲೇರಿದರೆ ಅದು ತಾಪಮಾನ. ತಾಮ್ರ ಮತ್ತು ಬೆಸುಗೆ ಸೇರುವ ಕಡೆ ಡಿಗ್ರಿಗೆ ಒಂದರಿಂದ ಮೂರು ಮೈಕ್ರೋವೋಲ್ಟ್ ಹುಟ್ಟುತ್ತದೆ. ಫ್ಯಾನ್ ಗಾಳಿಗೆ ಎರಡು ಜೋಡಣೆಗಳ ನಡುವೆ 0.02 ಡಿಗ್ರಿ ವ್ಯತ್ಯಾಸ ಬಂದರೂ 60 ನ್ಯಾನೋವೋಲ್ಟ್‌ವರೆಗೆ ಹೋಗಬಹುದು. ಬೋರ್ಡ್ ಮೇಲೆ ಹತ್ತಿ ಹಾಕಿ ರಟ್ಟಿನ ಡಬ್ಬ ಮುಚ್ಚಿ, ಒಂದು ಗಂಟೆ ಬಿಟ್ಟು ಮತ್ತೆ ಓದಿ. ಏರು ತಗ್ಗಿ ನೆಲ ಹಾಗೇ ಉಳಿದರೆ ನೆಲ ಫ್ಲಿಕರ್‌ನದೇ.

ಫ್ಲಿಕರ್‌ನಿಂದ ತಪ್ಪಿಸಿಕೊಳ್ಳಲು ಸಿಗ್ನಲ್ ಅನ್ನೇ ಕಾರ್ನರ್‌ನ ಕಡೆಗೆ, ಸಾಧ್ಯವಾದರೆ ಅದರಾಚೆಗೆ ಎತ್ತಬೇಕು. ನಿಮ್ಮಲ್ಲಿ ಬ್ರಿಡ್ಜ್ ಇರುವುದರಿಂದ ಇದು ಸುಲಭ: ಬ್ರಿಡ್ಜ್‌ಗೆ ಕೊಡುವ 5 ವೋಲ್ಟ್ ಅನ್ನು ನಾಲ್ಕು ಸ್ವಿಚ್‌ಗಳಿಂದ ತಿರುಗಿಸುತ್ತಾ ಹೋಗಿ. ನೇರ ಇದ್ದಾಗ ಒಂದು ಓದು, ತಿರುಗಿದಾಗ ಒಂದು ಓದು, ಎರಡನ್ನೂ ಕಳೆದು ಅರ್ಧ ಮಾಡಿ. ತೂಕದ ಸಿಗ್ನಲ್ ಪ್ರತಿ ಸಲ ತಿರುಗುತ್ತದೆ. ಆಂಪ್ಲಿಫೈಯರ್‌ನ ಆಫ್‌ಸೆಟ್, ಮೆಲ್ಲಗೆ ಅಲೆಯುವ ಫ್ಲಿಕರ್, ಬೆಸುಗೆಯ ವೋಲ್ಟೇಜ್ ಯಾವುದೂ ತಿರುಗುವುದಿಲ್ಲ, ಆದ್ದರಿಂದ ಕಳೆದುಹೋಗುತ್ತವೆ. ಎಡಿಸಿಯ ರೆಫರೆನ್ಸ್ ಅನ್ನೂ ಅದೇ 5 ವೋಲ್ಟ್‌ನಿಂದ, ಸ್ವಿಚ್‌ಗಳಿಗಿಂತ ಮೊದಲೇ, ತೆಗೆದುಕೊಂಡರೆ ಸರಬರಾಜಿನ ಏರಿಳಿತವೂ ರದ್ದಾಗುತ್ತದೆ. ಸ್ವಿಚ್‌ಗಳ ನಂತರ ತೆಗೆದುಕೊಂಡರೆ ಮಾತ್ರ ಎಡಿಸಿ ಕಾಣುವ ರೆಫರೆನ್ಸ್ ಯಾವಾಗಲೂ ಧನವಾಗಿಯೇ ಇರುವಂತೆ ಇನ್ನೊಂದು ಜೋಡಿ ಸ್ವಿಚ್ ಬೇಕು.

ಎಷ್ಟು ವೇಗವಾಗಿ ತಿರುಗಿಸಬೇಕು ಎಂಬುದನ್ನು ಕಾರ್ನರ್ ಹೇಳುತ್ತದೆ. ನಿಮಿಷಕ್ಕೊಮ್ಮೆ ತಿರುಗಿಸಿದರೆ ಆಫ್‌ಸೆಟ್ ಹೋದೀತು, ಫ್ಲಿಕರ್ ಹೆಚ್ಚಿನದು ಉಳಿಯುತ್ತದೆ. 50 ಹರ್ಟ್ಜ್ ಕರೆಂಟಿನ ಗುಂಯ್‌ಗುಡುವಿಕೆಯನ್ನು ತಡೆಯುವ ಸಿಂಕ್³ ಫಿಲ್ಟರ್ ಇರುವ ಎಡಿಸಿ ಒಂದು ಪೂರ್ಣ ಓದಿಗೆ 60 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಎರಡು ಓದಿಗೆ 120, ಅಂದರೆ ಸುಮಾರು 8 ಹರ್ಟ್ಜ್. ಅಲ್ಲಿ ನಾಯ್ಸ್ 10ರ ಬದಲು 15ರ ಹತ್ತಿರ. 100 ಸೆಕೆಂಡ್‌ಗೆ 1ರಿಂದ 1.5 ನ್ಯಾನೋವೋಲ್ಟ್ ಸಿಗುತ್ತದೆ, ಅಂದರೆ ಆಂಪ್ಲಿಫೈಯರ್‌ನ ಪಾಲು 0.15 ಮಿಲಿಗ್ರಾಂ ಒಳಗೆ. 55ರ ಮುಂದೆ ಇದು ಬೇರೆಯೇ ಲೋಕ.

ಇಲ್ಲಿ ಹೆಚ್ಚಿನವರು ಎಡವುವುದು ಇನ್‌ಪುಟ್ ಫಿಲ್ಟರ್‌ನಲ್ಲಿ. ತಿರುಗಿಸಿದ ಮೇಲೆ 10 ಮಿಲಿವೋಲ್ಟ್ ಸಿಗ್ನಲ್ 1 ನ್ಯಾನೋವೋಲ್ಟ್ ಒಳಗೆ ನೆಲೆಗೊಳ್ಳಲು 17 ಟೈಮ್ ಕಾನ್‌ಸ್ಟಂಟ್ ಬೇಕು. 10 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಹಾಕಿದ್ದರೆ 170 ಮಿಲಿಸೆಕೆಂಡ್, ಅಂದರೆ ಓದು ಮುಗಿದರೂ ವೋಲ್ಟೇಜ್ ಇನ್ನೂ ಏರುತ್ತಲೇ ಇರುತ್ತದೆ. ಆಗ ನಾಯ್ಸ್ ಕಡಿಮೆಯಾಗಿ ಕಂಡರೂ ತೂಕ ಮಾತ್ರ ಸ್ವಲ್ಪ ಕಡಿಮೆಯೇ ತೋರುತ್ತದೆ, ತಿರುಗಿಸುವ ವೇಗ ಬದಲಿಸಿದರೆ ತೂಕವೂ ಬದಲಾಗುತ್ತದೆ. ಈ ತಪ್ಪಿನ ಗುರುತೇ ಅದು. 1 ಕಿಲೋಓಮ್, 100 ನ್ಯಾನೋಫ್ಯಾರಡ್ ಹಾಕಿ, ತಿರುಗಿಸಿ 2 ಮಿಲಿಸೆಕೆಂಡ್ ಬಿಟ್ಟು ಎಡಿಸಿಯ ಕನ್ವರ್ಷನ್ ಅನ್ನು ಹೊಸದಾಗಿ ಶುರು ಮಾಡಿ. ಈ ಕಿಲೋಓಮ್‌ಗಳೂ ಥರ್ಮಲ್ ನಾಯ್ಸ್ ತರುತ್ತವೆ, ಒಂದೊಂದೂ 4 ನ್ಯಾನೋವೋಲ್ಟ್. ನಿಮ್ಮ 10ರ ಜೊತೆ ಅದು ದೊಡ್ಡ ಮಾತಲ್ಲ.

ಸ್ವಿಚ್‌ಗಳ ರಗಳೆ ಬೇಡವೆಂದರೆ ಝೀರೋ ಡ್ರಿಫ್ಟ್ ಆಂಪ್ಲಿಫೈಯರ್ ಹಾಕಬಹುದು. ಅದು ಇದೇ ಕೆಲಸವನ್ನು ಚಿಪ್ ಒಳಗೆ ಕಿಲೋಹರ್ಟ್ಜ್‌ಗಳಲ್ಲಿ ಮಾಡುತ್ತದೆ. ಆದರೆ ಬೆಸುಗೆಯ ವೋಲ್ಟೇಜ್ ಹಾಗೇ ಉಳಿಯುತ್ತದೆ. ಇನ್‌ಪುಟ್‌ನಲ್ಲಿ ಸಣ್ಣ ಕರೆಂಟ್ ಸ್ಪೈಕ್‌ಗಳೂ ಬರುತ್ತವೆ. 350 ಓಮ್‌ಗೆ ಅದು ತೊಂದರೆಯಲ್ಲ, ನೂರಾರು ಕಿಲೋಓಮ್ ಮೂಲವಿದ್ದರೆ ತೊಂದರೆಯೇ.

ತಿರುಗಿಸುವ ವಿಧಾನಕ್ಕೂ ಮಿತಿ ಇದೆ. ರೆಸಿಸ್ಟರ್‌ನ ಬೆಲೆಯೇ ಫ್ಲಿಕರ್ ರೀತಿಯಲ್ಲಿ ಅಲುಗಾಡಿದರೆ ಆ ಏರಿಳಿತ ವೋಲ್ಟೇಜ್ ಜೊತೆ ತಾನೂ ತಿರುಗುತ್ತದೆ, ತೂಕದ ಸಿಗ್ನಲ್‌ನಿಂದ ಬೇರ್ಪಡುವುದಿಲ್ಲ. ಬ್ರಿಡ್ಜ್‌ಗೆ ಸೇರಿದ ಹೊಂದಾಣಿಕೆಯ ರೆಸಿಸ್ಟರ್‌ಗಳಲ್ಲಿ, ಗೇನ್ ನಿರ್ಧರಿಸುವ ರೆಸಿಸ್ಟರ್‌ಗಳಲ್ಲಿ ಥಿಕ್ ಫಿಲ್ಮ್ ಅಥವಾ ಕಾರ್ಬನ್ ಬಳಸಬೇಡಿ, ಮೆಟಲ್ ಫಿಲ್ಮ್ ಹಾಕಿ. ಇದನ್ನು ಪತ್ತೆ ಮಾಡುವುದು ಹೀಗೆ: ಎಕ್ಸೈಟೇಷನ್ ತಿರುಗಿಸುತ್ತಲೇ 5 ವೋಲ್ಟ್ ಅನ್ನು 2.5ಕ್ಕೆ ಇಳಿಸಿ. ನ್ಯಾನೋವೋಲ್ಟ್‌ನಲ್ಲಿ ನೆಲ ಅಷ್ಟೇ ಉಳಿದರೆ ಅದು ಆಂಪ್ಲಿಫೈಯರ್‌ನದು, ಅರ್ಧವಾದರೆ ಬ್ರಿಡ್ಜ್‌ನದು. ಬ್ರಿಡ್ಜ್‌ನದೇ ಎಂದು ಗೊತ್ತಾದ ಮೇಲೆ ಲೋಡ್‌ಸೆಲ್‌ನ ಕ್ರೀಪ್ ಕಡೆ ನೋಡಿ. ತೂಕ ಇಟ್ಟ ಮೇಲೆ ಲೋಹ ಅರ್ಧ ಗಂಟೆಯವರೆಗೂ ನಿಧಾನವಾಗಿ ಬಾಗುತ್ತಲೇ ಇರುತ್ತದೆ, ಪೂರ್ತಿ ತೂಕದ ಸಾವಿರಕ್ಕೆ 0.2 ಬಾಗಿದರೂ 200 ಮಿಲಿಗ್ರಾಂ ಆಗುತ್ತದೆ. ಪಾತ್ರೆ ಇಟ್ಟು ಒಂದು ಗಂಟೆ ಬಿಟ್ಟ ನಂತರವೇ ಆವಿಯ ಲೆಕ್ಕ ಶುರು ಮಾಡಿ.